ಆ ಸೊಸೆ ಯಾರ ಸೊಸೆ?

ಜುಲೈ 14, 2025, ಸೋಮವಾರ
ಮೈಸೂರು

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮೇಷ್ಟ್ರು ಸಿಕ್ಕಿದರು. ಸಿಕ್ಕಿದರು ಅನ್ನೋದು ಸುಳ್ಳು. ಕಥೆ ಕೊಟ್ಟು ಹದಿನೈದು ದಿನ ಆಗಿತ್ತು, ಅವರು ವಾಕಿಂಗ್ ಬರೋ ಹೊತ್ತು ನೋಡಿಕೊಂಡು ನಾನೇ ಹೋಗಿದ್ದೆ. ಹಾಳೆ ವಾಪಸ್ ಕೊಟ್ಟರು. ಮೂರನೇ ಪುಟದ ತುಂಬ ಕೆಂಪು, ನೀಲಿ, ಹಸಿರು, ಕಂದು ಗೆರೆಗಳು.

"ಏನ್ ಸಾರ್ ಇದು, ರಂಗೋಲಿನಾ?"

"ಮೊಮ್ಮಗಳ ಪೆನ್ಸಿಲ್ ಡಬ್ಬಿ ಕಣಮ್ಮ. ಒಬ್ಬೊಬ್ಬರ ತಲೆಗೆ ಒಂದೊಂದು ಬಣ್ಣ. ಯಾವ ಸಾಲು ಯಾರಿಗೆ ಮಾತ್ರ ಗೊತ್ತಿರೋಕೆ ಸಾಧ್ಯವೋ ಅವರ ಬಣ್ಣ ಎಳೆದಿದೀನಿ. ಲತಾ ಕೆಂಪು. ಕಥೆ ಅವಳ ಕಣ್ಣಿಂದ ತಾನೇ ಹೇಳ್ತಿರೋದು, ಈ ಪುಟದಲ್ಲಿ ಕೆಂಪು ಎಷ್ಟಿದೆ ನೋಡು."

ಎರಡು ಸಾಲು ಇತ್ತು.

ಆಫೀಸಲ್ಲಿ ದಿನವಿಡೀ ಅದೇ ತಲೆಯಲ್ಲಿ. ಈಗ ರಾತ್ರಿ ಊಟ ಮುಗಿಸಿ ಹಾಳೆ ಹರಡಿಕೊಂಡು ಕೂತಿದ್ದೀನಿ. ನನಗೆ ಮೊದಲು ಸಿಟ್ಟೇ ಬಂದಿತ್ತು, ಯಾಕಂದ್ರೆ ನನ್ನ ಪ್ರಕಾರ ಆ ಪುಟವೇ ಕಥೆಯಲ್ಲಿ ಚೆನ್ನಾಗಿರೋದು. ಮಂಡ್ಯದ ಕಡೆಯ ಮನೆ, ಅಪ್ಪ ತೀರಿಕೊಂಡು ವರ್ಷ ಆಗಿದೆ, ನಾಲೆ ಪಕ್ಕದ ಕಬ್ಬಿನ ಗದ್ದೆ ಮಾರಬೇಕು, ತನಗೆ ಭಾಗ ಬೇಡ ಅಂತ ತಂಗಿ ಸೈನ್ ಹಾಕಬೇಕು. ಹಜಾರದಲ್ಲಿ ಅಣ್ಣ ಶಿವಣ್ಣ, ತಂಗಿ ಲತಾ, ಅತ್ತಿಗೆ ಪದ್ಮ, ಅಮ್ಮ. ನಾಲ್ಕು ಜನ ಒಂದೇ ಕಡೆ. ನಾನು ಬರೆದಿದ್ದು ಹೀಗೆ:

"ಶಿವಣ್ಣ ಕಾಗದ ಮುಂದಿಟ್ಟ. ತಂಗಿ ಏನನ್ನುತ್ತಾಳೋ ಎಂದು ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಲತಾಗೆ ಅಪ್ಪನ ನೆನಪಾಯಿತು. ಅವಳ ಮುಖ ಬಿಳಿಚಿಕೊಂಡಿತು. ಸೊಸೆ ಕಾಫಿ ತಂದಳು. ಈ ಮನೆಯಲ್ಲಿ ತನ್ನ ಮಾತಿಗೆ ಬೆಲೆಯೇ ಇಲ್ಲ ಅನಿಸಿತು ಪದ್ಮಳಿಗೆ."

ಶಿವಣ್ಣನ ಎದೆ ಹೊಡೆದುಕೊಳ್ಳೋದು ಶಿವಣ್ಣನಿಗೆ ಮಾತ್ರ ಗೊತ್ತು, ಅದು ನೀಲಿ. ಪದ್ಮಳಿಗೆ ಅನಿಸಿದ್ದು ಹಸಿರು. ಇವೆರಡು ನನಗೂ ಒಪ್ಪಿಗೆ. ಅನಿಸಿತು, ನೆನಪಾಯಿತು, ಬೇಜಾರಾಯಿತು ಅಂತ ಬಂದ ಕಡೆ ಯಾರ ತಲೆ ಅಂತ ಯಾರು ಬೇಕಾದರೂ ಹಿಡೀಬಹುದು. ನಾನು ಬಿದ್ದಿದ್ದು ಉಳಿದ ಎರಡರಲ್ಲಿ. "ಅವಳ ಮುಖ ಬಿಳಿಚಿಕೊಂಡಿತು". ಲತಾ ತನ್ನ ಮುಖ ತಾನು ಹೇಗೆ ನೋಡಿದಳು? ಎದುರು ಕೂತವರು ಯಾರೋ ನೋಡಿರಬೇಕು. ಅದರ ಪಕ್ಕ ಮೇಷ್ಟ್ರು ಬಣ್ಣ ಹಾಕಿಲ್ಲ, ಒಂದು ಪ್ರಶ್ನೆ ಚಿಹ್ನೆ ಅಷ್ಟೇ.

ಇನ್ನೊಂದು, "ಸೊಸೆ ಕಾಫಿ ತಂದಳು". ಇದಕ್ಕೆ ಕಂದು. ಅಂದರೆ ಅಮ್ಮ. ಬೆಳಿಗ್ಗೆ ಅಲ್ಲೇ ಕೇಳಿದ್ದೆ.

"ಇಲ್ಲಿ ಅಮ್ಮ ಏನೂ ಯೋಚನೆ ಮಾಡ್ತಿಲ್ಲವಲ್ಲ ಸಾರ್?"

"ಸೊಸೆ ಅಂದೆಯಲ್ಲ. ಯಾರ ಸೊಸೆ? ಆ ಹಜಾರದಲ್ಲಿ ಅವಳು ಒಬ್ಬರಿಗೆ ಮಾತ್ರ ಸೊಸೆ. ಲತಾಗೆ ಅತ್ತಿಗೆ, ಶಿವಣ್ಣನಿಗೆ ಪದ್ಮ. ಆ ಒಂದು ಪದ ಬರೆದಾಗ ನೀನು ಅಮ್ಮನ ಮಗ್ಗುಲಲ್ಲಿ ಹೋಗಿ ಕೂತುಬಿಟ್ಟೆ."

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಎಷ್ಟು ವರ್ಷದಿಂದ ಬರೀತಿದ್ದೀನಿ, ಇದು ಹೊಳೆದೇ ಇರಲಿಲ್ಲ. ನಮ್ಮಲ್ಲಿ ಯಾರನ್ನೂ ಸುಮ್ನೆ ಹೆಸರಿಟ್ಟು ಕರೆಯೋದು ಕಡಿಮೆ, ಸಂಬಂಧ ಹಿಡಿದೇ ಕರೀತೀವಿ, ಸಂಬಂಧ ಅಂದ ಮೇಲೆ ಅದು ಯಾರಿಂದಲೋ ಶುರು ಆಗಲೇಬೇಕು. ಬಹುವಚನವೂ ಹಾಗೇ. ಲತಾಗೆ ಅತ್ತಿಗೆ ಅಂದರೆ "ತಂದರು", ಶಿವಣ್ಣನಿಗೆ ಹೆಂಡತಿ "ತಂದಳು". ಒಂದು ಕ್ರಿಯಾಪದದ ಬಾಲ ಸಾಕು, ತಲೆ ಬದಲಾಗಿರುತ್ತೆ. ಒಂದೇ ದೃಶ್ಯದಲ್ಲಿ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗಿಬಿಡೋದಕ್ಕೆ ಹೆಡ್-ಹಾಪಿಂಗ್ ಅಂತಾರೆ, ಅದರ ಬಗ್ಗೆ ಓದಿದ ಕಡೆಯೆಲ್ಲ ಯೋಚನೆ, ಭಾವನೆ ಜಿಗಿಯೋದರ ಬಗ್ಗೆಯೇ ಇತ್ತು, ಅತ್ತಿಗೆ ಬಗ್ಗೆ ಯಾರೂ ಹೇಳಿರಲಿಲ್ಲ.

ಬಿಡದೆ ವಾದ ಮಾಡಿದೆ. ಹಳೇ ಕಾದಂಬರಿಗಳಲ್ಲಿ ಎಲ್ಲರ ಮನಸ್ಸಿನ ಮಾತೂ ಬರುತ್ತಲ್ಲ ಸಾರ್, ಅದಕ್ಕೆ ಏನಂತೀರಿ? "ಅಲ್ಲಿ ಕಥೆ ಹೇಳೋನು ಬೇರೆ ಇರ್ತಾನೆ, ಅರಳಿಕಟ್ಟೆ ಮೇಲೆ ಕೂತಿರೋನು. ಊರಿನೋರೆಲ್ಲ ಅವನಿಗೆ ಗೊತ್ತು, ಮೊದಲ ಸಾಲಿಂದ ಅವನ ದನಿಯೇ ಕೇಳ್ತಿರುತ್ತೆ. ನೀನು ಎರಡು ಪುಟ ಲತಾಳ ಹೆಗಲ ಮೇಲೆ ನನ್ನ ಕೂರಿಸಿ, ಮೂರನೇ ಪುಟದಲ್ಲಿ ಇಳಿಸಿ ಇನ್ನೊಬ್ಬರ ಹೆಗಲಿಗೆ ಎಸೀತೀಯ. ಬೇರೆಯವರ ತಲೆಗೆ ಹೋಗಲೇಬೇಕು ಅಂದ್ರೆ ಒಂದು ಸಾಲು ಜಾಗ ಬಿಟ್ಟು, ಹೊಸ ಭಾಗ ಶುರು ಮಾಡಿ ಹೋಗು. ಯಾರೂ ಬೇಡ ಅನ್ನಲ್ಲ." ಅಷ್ಟು ಹೇಳಿ ಎದ್ದರು, ಮಂಡಿ ನೋವು ಅಂತೆ. ಮನೆಯಲ್ಲಿ ಒಬ್ಬರೇ ಇರೋದು ಈಗ. ಪೆನ್ಸಿಲ್ ಡಬ್ಬಿ ಬಿಟ್ಟು ಮೊಮ್ಮಗಳು ಜೂನ್‌ನಲ್ಲೇ ಹೋದಳಂತೆ.

ಸಂಜೆ ಕೂತು ಮತ್ತೆ ಬರೆದೆ:

"ಅಣ್ಣ ಕಾಗದ ಮುಂದಿಟ್ಟ. ಮಡಿಕೆ ಬಿಡಿಸುವಾಗ ಎರಡು ಸಲ ಕೈ ಜಾರಿತು. ಅಪ್ಪನ ಹೆಸರಿನ ಮುಂದೆ 'ದಿವಂಗತ' ಎಂದು ಟೈಪ್ ಮಾಡಿಸಿದ್ದ. ಲತಾಳ ಬಾಯಿ ಒಣಗಿತು. ಅಣ್ಣ ತನ್ನ ಕಡೆ ನೋಡಲೇ ಇಲ್ಲ. ಅತ್ತಿಗೆ ಕಾಫಿ ತಂದರು. ಎಲ್ಲರಿಗೂ ಕೊಟ್ಟು, ಖಾಲಿ ತಟ್ಟೆ ಹಿಡಿದು ಬಾಗಿಲ ಹತ್ತಿರವೇ ನಿಂತರು. ಒಂದು ಮಾತೂ ತಪ್ಪಿಹೋಗಬಾರದಲ್ಲ ಅವರಿಗೆ."

ಶಿವಣ್ಣನ ಎದೆಬಡಿತ ಹೋಯಿತು, ಕೈ ಜಾರಿದ್ದು ಬಂತು. ಅದು ಲತಾ ಕೂತ ಜಾಗದಿಂದ ಕಾಣುತ್ತೆ. ಬಿಳಿಚಿದ ಮುಖದ ಬದಲು ಒಣಗಿದ ಬಾಯಿ, ಅದು ಅವಳಿಗೆ ಒಳಗಿಂದಲೇ ಗೊತ್ತಾಗುತ್ತೆ. "ತನ್ನ ಕಡೆ" ಅನ್ನೋದನ್ನ ಬೇಕಂತಲೇ ಇಟ್ಟೆ. ವ್ಯಾಕರಣ ನೋಡಿದರೆ ಅದು ಅಣ್ಣನಿಗೂ ಹೋಗಬಹುದು. ಆದರೆ ಓದುವವರು ಲತಾಳ ಜೊತೆ ಗಟ್ಟಿಯಾಗಿ ಕೂತಿದ್ದರೆ "ತನ್ನ" ಅಂದರೆ ಲತಾನೇ. ಹಾಗೆ ಓದಿಸಿಕೊಳ್ಳದೆ ಅಲ್ಲಿ ಗೊಂದಲ ಆದರೆ ಮೇಲೆಲ್ಲೋ ತಲೆ ಜಾರಿದೆ ಅಂತ ಅರ್ಥ.

ಮೊದಲ ಸಲ ತಿದ್ದಿದಾಗ ಇನ್ನೊಂದು ತಪ್ಪು ಮಾಡಿದ್ದೆ. ಭಯಕ್ಕೆ ಎಲ್ಲ ಸಾಲಿಗೂ "ಲತಾ ನೋಡಿದಳು", "ಲತಾಗೆ ಕಂಡಿತು", "ಅನಿಸಿದಂತೆ ತೋರಿತು" ಅಂತ ಬಾಲ ಅಂಟಿಸಿದ್ದೆ. ಓದಿದರೆ ಪೊಲೀಸ್ ಸ್ಟೇಷನ್ನಲ್ಲಿ ಹೇಳಿಕೆ ಕೊಟ್ಟ ಹಾಗಿತ್ತು. ಒಂದು ಸಲ ಕೂರಿಸಿದ ಮೇಲೆ ನೋಡುವ ಕಣ್ಣು ಅವಳದೇ, ಮತ್ತೆ ಮತ್ತೆ ಹೇಳೋದು ಬೇಡ. ಎಲ್ಲ ಹೊಡೆದುಹಾಕಿದೆ.

ನನಗೆ ಬೇಜಾರಾಗಿದ್ದು ಪದ್ಮಳ ಸಾಲು ಹೋಯಿತಲ್ಲ ಅಂತ. ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ, ಅದು ನನಗೆ ತುಂಬ ಇಷ್ಟದ ಸಾಲು. ಆಮೇಲೆ ಓದಿ ನೋಡಿದರೆ ಅದು ಅಲ್ಲೇ ಇದೆ ಅನಿಸ್ತು. ಎಲ್ಲರಿಗೂ ಕೊಟ್ಟು ತನಗೆ ಲೋಟ ಇಟ್ಟುಕೊಳ್ಳದೆ ನಿಂತವಳು, ಕೂತ್ಕೋ ಅಂತ ಒಬ್ಬರೂ ಕರೆದಿಲ್ಲ. ಲತಾ ಅದನ್ನು ಕದ್ದು ಕೇಳೋಕೆ ನಿಂತಿದ್ದಾರೆ ಅಂದುಕೊಂಡಳು, ತಪ್ಪು ತಿಳಿದಳು. ಪದ್ಮಳ ತಲೆಗೆ ಹೋಗಿದ್ದರೆ ಈ ತಪ್ಪು ತಿಳಿಯೋದು ನನಗೆ ಸಿಗ್ತಾನೇ ಇರಲಿಲ್ಲ.

ಅಂದಹಾಗೆ ನಮ್ಮತ್ತಿಗೆನೂ ಆವತ್ತು ಬಾಗಿಲ ಹತ್ತಿರವೇ ನಿಂತಿದ್ದರು. ಅದಿರಲಿ.

ಈಗ ತಲೆನೋವು ಐದನೇ ಪುಟದ್ದು. ಲತಾ ಸಿಟ್ಟಲ್ಲಿ ಹಿತ್ತಲಿಗೆ ಎದ್ದುಹೋಗ್ತಾಳೆ, ಅಮ್ಮ ಇಡೀ ಕಥೆಯಲ್ಲಿ ಬಾಯಿ ಬಿಡೋದು ಆಗಲೇ, "ಅವಳ ಭಾಗ ಅವಳಿಗೆ ಬಿಡು ಶಿವ" ಅಂತ. ಕೇಳೋಕೆ ಲತಾ ಇಲ್ಲ. ಜಾಗ ಬಿಟ್ಟು ಅತ್ತಿಗೆ ತಲೆಗೆ ಹೋಗೋದಾ? ಇಷ್ಟು ಚಿಕ್ಕ ಕಥೆಯಲ್ಲಿ ಒಂದೇ ಮಾತಿಗೋಸ್ಕರ ಹೊಸ ತಲೆ ಜಾಸ್ತಿ ಆಯಿತು. ಹಿತ್ತಲಲ್ಲಿ ಪಾತ್ರೆ ತೊಳೆಯೋ ಕಲ್ಲಿನ ಹತ್ತಿರ ನಿಂತರೆ ಹಜಾರದ ಮಾತು ಅರ್ಧಂಬರ್ಧ ಕೇಳಿಸಬಹುದು, "ಭಾಗ" "ಬಿಡು" ಇಷ್ಟೇ ಕೇಳಿಸಿದರೆ ಅವಳಿಗೆ ಉಲ್ಟಾನೇ ಅರ್ಥ ಆಗುತ್ತೆ, ಅದೂ ಚೆನ್ನಾಗಿರುತ್ತೆ, ಆದರೆ ನಮ್ಮ ಮನೆಯಲ್ಲಾದರೆ ಮಧ್ಯೆ ಕೊಟ್ಟಿಗೆ ಇದೆ, ಹಿತ್ತಲ ಬಾಗಿಲು ತೆಗೆದಿದ್ದರೂ ಅಷ್ಟು ದೂರ ಕೇಳಿಸಲ್ಲ.