ವಾಲ್‌ಪೇಪರ್ ಗೋಡೆ, ಗಾಢ ಬಣ್ಣದ ಸೋಫಾ: ಪರದೆಗೆ ಯಾವ ಬಣ್ಣ?

"ಗೋಡೆ ತುಂಬಾ ಬಳ್ಳಿ-ಹೂವಿನ ವಾಲ್‌ಪೇಪರ್ ಇದೆ, ಸೋಫಾ ನವಿಲು ನೀಲಿ. ಕರ್ಟನ್ ಯಾವ ಬಣ್ಣದ್ದು ಹಾಕಿಸಲಿ?"

ವಾಲ್‌ಪೇಪರಿನ ಹಿನ್ನೆಲೆ ಬಣ್ಣವನ್ನೇ ತೆಗೆದುಕೊಂಡು, ಅದಕ್ಕಿಂತ ಒಂದೆರಡು ಛಾಯೆ ಗಾಢವಾದ ಪ್ಲೇನ್ ಬಟ್ಟೆ ಹಾಕಿಸಿ. ಕೆನೆ ಬಣ್ಣದ ಹಿನ್ನೆಲೆ, ಬೂದು ಹಸಿರು ಎಲೆ, ಅಲ್ಲಲ್ಲಿ ಇಟ್ಟಿಗೆ ಬಣ್ಣದ ಸಣ್ಣ ಹೂವು ಇರುವ ಗೋಡೆ ಅಂತಿಟ್ಟುಕೊಳ್ಳಿ. ಅದಕ್ಕೆ ಮರಳಿನ ಬಣ್ಣದ ಪರದೆ ಹೊಂದುತ್ತದೆ.

ಹೆಚ್ಚಿನವರ ಕೈ ಮೊದಲು ಹೋಗುವುದು ಸೋಫಾದ ನೀಲಿಗೆ. ಆದರೆ ಸೋಫಾ ವೆಲ್ವೆಟ್, ಪರದೆ ಕಾಟನ್ ಆದರೆ ಒಂದೇ ನೀಲಿ ಎರಡರಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ಪಕ್ಕಪಕ್ಕ ಇದ್ದಾಗ ಒಂದು ಮಾಸಿದಂತೆ ತೋರುತ್ತದೆ. ಇಟ್ಟಿಗೆ ಬಣ್ಣವೂ ಬೇಡ. ಗೋಡೆಯಲ್ಲಿ ಚುಕ್ಕಿಯಷ್ಟಿದ್ದಾಗ ಚೆಂದ, ಏಳಡಿ ಉದ್ದ ಇಳಿಬಿಟ್ಟರೆ ಸೋಫಾದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಇನ್ನು ಅಚ್ಚ ಬಿಳಿ. ಸುರಕ್ಷಿತ ಅಂದುಕೊಂಡು ಅದನ್ನು ಹಾಕಿಸಿದವರ ಮನೆಯಲ್ಲೇ ಗೋಡೆ ಹಳದಿಗಟ್ಟಿದಂತೆ ಕಾಣುವುದು, ಯಾಕೆಂದರೆ ಬಿಳಿಯ ಪಕ್ಕದಲ್ಲಿ ಕೆನೆ ಬಣ್ಣ ಕೊಳೆಯಾದಂತೆ ತೋರುತ್ತದೆ.

ಅಂಗಡಿಯ ಅಂಗೈಯಗಲದ ಸ್ಯಾಂಪಲ್ ನೋಡಿ ದಯವಿಟ್ಟು ನಿರ್ಧರಿಸಬೇಡಿ. ಅಲ್ಲಿ ಬೆಳಕು ಬಟ್ಟೆಯ ಮುಂದಿನಿಂದ ಬೀಳುತ್ತದೆ, ಮನೆಯಲ್ಲಿ ಹಗಲಿಡೀ ಹಿಂದಿನಿಂದ ಬರುತ್ತದೆ. ಒಂದು ಮೀಟರ್ ಬಟ್ಟೆ ತಂದು, ನೆರಿಗೆ ಹಿಡಿದು, ಕಿಟಕಿಯ ಮುಂದೆ, ಅಂಚು ಪಕ್ಕದ ಗೋಡೆಗೆ ತಾಗುವಂತೆ ಕ್ಲಿಪ್ ಹಾಕಿ ತೂಗುಬಿಡಿ. ನೆರಿಗೆಯ ಒಳಭಾಗ ನೆರಳಿಗೆ ಹೆಚ್ಚು ಗಾಢವಾಗಿ ಕಾಣುತ್ತದೆ, ಬಿಸಿಲು ತೂರಿದ ಕಡೆ ತಿಳಿಯಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪ ಹಾಕಿ ನೋಡಿ. ಹಳದಿ ಎಲ್‌ಇಡಿ ಕೆಳಗೆ ಮರಳು ಬಣ್ಣ ಕೇಸರಿಗೆ ತಿರುಗಿದರೆ, ಸ್ವಲ್ಪ ಬೂದು ಬೆರೆತ ಛಾಯೆ ಆರಿಸಿ. ಹಗಲಲ್ಲಿ ತೀರಾ ತಿಳಿಯಾಗಿ ಗೋಡೆಯೊಳಗೆ ಕರಗಿಹೋದರೆ, ಬಣ್ಣ ಬದಲಿಸುವ ಮೊದಲು ಹಿಂದೆ ಲೈನಿಂಗ್ ಹಿಡಿದು ನೋಡಿ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ.

ಪ್ಲೇನ್ ಅಂದರೆ ನುಣುಪಾಗಿ ಹೊಳೆಯುವ ಬಟ್ಟೆಯಲ್ಲ. ವೆಲ್ವೆಟ್ಟಿನ ಹೊಳಪು ಈಗಾಗಲೇ ಇದೆ, ಪರದೆ ಲಿನನ್ನಿನಂತೆ ನೂಲಿನ ಒರಟು ಕಾಣುವಂತಿರಲಿ.

ಐದಡಿ ಕಿಟಕಿಗೆ ಆರಡಿ ರಾಡ್ ಹಾಕಿದರೆ, ನೆರಿಗೆಗೆ ಎರಡು ಪಟ್ಟು, ಅಂದರೆ 144 ಇಂಚು ಅಗಲ ಬೇಕು. 48 ಇಂಚು ಪನ್ನದ ಬಟ್ಟೆಯಾದರೆ ಮೂರು ತುಂಡು. ಒಂದನ್ನು ಉದ್ದಕ್ಕೆ ಸೀಳಿ ಎರಡೂ ಬದಿಗೆ ಅರ್ಧರ್ಧ ಜೋಡಿಸಬೇಕು. ಏಳಡಿ ಉದ್ದಕ್ಕೆ ಮೇಲೆ ಕೆಳಗೆ ಮಡಿಕೆ ಸೇರಿ ತುಂಡಿಗೆ ಎರಡೂವರೆ ಮೀಟರ್, ಒಟ್ಟು ಏಳೂವರೆ. ಕಾಟನ್ ಆದರೆ ಹೊಲಿಸುವ ಮೊದಲು ನೀರಿಗೆ ಹಾಕಿ ಒಣಗಿಸಬೇಕು, ಅದು ಕುಗ್ಗುವ ಲೆಕ್ಕಕ್ಕೆ ಇನ್ನರ್ಧ ಮೀಟರ್ ಜಾಸ್ತಿ ತನ್ನಿ. ಎಲ್ಲವನ್ನೂ ಒಂದೇ ಥಾನಿನಿಂದ ಕತ್ತರಿಸಿಕೊಡಲು ಹೇಳಿ. ಆಮೇಲೆ ಬೇರೆ ಥಾನಿನಿಂದ ತಂದರೆ ಛಾಯೆ ಒಂದಿಷ್ಟು ಹೆಚ್ಚುಕಮ್ಮಿಯಾಗಿ, ಜೋಡಣೆಯ ಗೆರೆ ಎದ್ದು ಕಾಣುವ ಸಂಭವವಿದೆ.