ಒಂದು ಪದದ ತಪ್ಪು, 78 ಅಂಕ

ಇಂಡೋನೇಷ್ಯನ್ ಸಂಶೋಧನಾ ಲೇಖನಗಳ ಇಂಗ್ಲಿಷ್ ಯಂತ್ರಾನುವಾದವನ್ನು ಪರೀಕ್ಷಿಸುತ್ತಿದ್ದೇನೆ. ಮೂಲದಲ್ಲಿ ‘ತಿದಾಕ್ ಬರ್‌ಪೆಂಗಾರುಹ್ ಸಿಗ್ನಿಫಿಕನ್’ ಅಂತಿದೆ, ಅಂದರೆ ಗಮನಾರ್ಹ ಪರಿಣಾಮ ಇಲ್ಲ. ಯಂತ್ರ ಆ ‘ತಿದಾಕ್’ ಅನ್ನೇ ಬಿಟ್ಟರೆ ‘ನೋ ಸಿಗ್ನಿಫಿಕೆಂಟ್ ಎಫೆಕ್ಟ್’ ಹೋಗಿ ‘ಎ ಸಿಗ್ನಿಫಿಕೆಂಟ್ ಎಫೆಕ್ಟ್’ ಆಗುತ್ತದೆ. ಫಲಿತಾಂಶವೇ ತಲೆಕೆಳಗು! ಯಂತ್ರಾನುವಾದವನ್ನು ಮನುಷ್ಯರ ಮಾದರಿ ಅನುವಾದಕ್ಕೆ ಹೋಲಿಸಿ ನೂರಕ್ಕೆ ಇಷ್ಟು ಅಂತ ಕೊಡುವ ಅಂಕವೇ ಬ್ಲೂ. 14 ಪದಗಳ ವಾಕ್ಯದಲ್ಲಿ ಎಂಟನೆಯದು ಮಾತ್ರ ಮಾದರಿಗಿಂತ ಬೇರೆ ಇದ್ದರೆ ಬ್ಲೂ ಅಂಕ ಸುಮಾರು 78 ಬರುತ್ತದೆ.

ಅದೇ ಅರ್ಥವನ್ನು ಬೇರೆ ಮಾತಲ್ಲಿ ಸರಿಯಾಗಿ ಹೇಳಿದ ಅನುವಾದಕ್ಕೆ ಸೊನ್ನೆಯೂ ಬರಬಹುದು. ಏಕೆಂದರೆ ಬ್ಲೂ ಮುಖ್ಯವಾಗಿ ನೋಡುವುದು ಒಂದರಿಂದ ನಾಲ್ಕು ಪದಗಳ ಸಾಲುಗಳು ಮಾದರಿ ಅನುವಾದಕ್ಕೆ ಎಷ್ಟು ಹೊಂದುತ್ತವೆ ಅಂತ, ಅರ್ಥವನ್ನಲ್ಲ.

ಅದಕ್ಕೇ ಎರಡೂ ಭಾಷೆ ಬಲ್ಲವರು ತಪ್ಪುಗಳನ್ನು ಗುರುತಿಸಬೇಕು. ಬಿಟ್ಟುಹೋದ ಪದವೇ, ತಪ್ಪು ಪಾರಿಭಾಷಿಕ ಪದವೇ, ಬರೀ ವ್ಯಾಕರಣವೇ? ತೀವ್ರತೆಯನ್ನೂ ಬರೆಯಬೇಕು. ‘ಇಲ್ಲ’ ಕಳೆದುಹೋದದ್ದನ್ನು ನಾನಂತೂ ಅತಿ ಗಂಭೀರ ತಪ್ಪು ಎಂದೇ ಗುರುತಿಸುತ್ತೇನೆ.