412 ಪದದ ಅಬ್‌ಸ್ಟ್ರಾಕ್ಟ್ 196ಕ್ಕೆ ಇಳಿದದ್ದು

ಬಳ್ಳಾರಿಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ನನ್ನ ಕೆಲಸ. ಪಿಜಿ ವಿದ್ಯಾರ್ಥಿಗಳ ಥೀಸಿಸ್, ಪೋಸ್ಟರ್, ಅಬ್‌ಸ್ಟ್ರಾಕ್ಟ್ ಎಲ್ಲ ತಿರುಗಾಡಿ ಕೊನೆಗೆ ನನ್ನ ಟೇಬಲ್ಲಿಗೆ ಬರುತ್ತವೆ. ಅದೂ ಕೊನೇ ದಿನ.

ಈ ಸಲವೂ ಹಾಗೇ ಆಯ್ತು. ಒಂದು ಸಮ್ಮೇಳನಕ್ಕೆ ರಾತ್ರಿ 12ರೊಳಗೆ ಅಬ್‌ಸ್ಟ್ರಾಕ್ಟ್ ಕಳಿಸಬೇಕು. ಮಿತಿ 200 ಪದ. ನಮ್ಮ ಹುಡುಗಿ ತಂದದ್ದು 412. "ಮೇಡಂ, ಎಲ್ಲಾ ಮುಖ್ಯ ಅನಿಸ್ತಿದೆ, ಯಾವುದು ತೆಗೀಲಿ?" ಅಂತ ನಿಂತಳು. 201ನೇ ಪದ ಟೈಪ್ ಮಾಡಿದರೆ ಆ ಪೋರ್ಟಲ್ ಬೈಯೋದಿಲ್ಲ, ಕಳಿಸಿದ ಮೇಲೆ ಸುಮ್ನೆ ಕತ್ತರಿಸಿಬಿಡುತ್ತದೆ. ಹಿಂದೊಮ್ಮೆ ನಮ್ಮದೇ ಒಂದು ಅಬ್‌ಸ್ಟ್ರಾಕ್ಟ್ ಹೀಗೆ ತೀರ್ಮಾನದ ಮಧ್ಯದಲ್ಲೇ ತುಂಡಾಗಿ ಪುಸ್ತಕದಲ್ಲಿ ಅಚ್ಚಾಗಿತ್ತು. ಆ ಪುಟ ಇನ್ನೂ ಲ್ಯಾಬ್‌ನಲ್ಲಿದೆ, ಯಾರಾದರೂ ಜಾಸ್ತಿ ಬರೆದರೆ ತೋರಿಸುತ್ತೇನೆ.

ಅಧ್ಯಯನದ ವಿಷಯ ಸರಳ. ಸಿರುಗುಪ್ಪ, ಕಂಪ್ಲಿ ಕಡೆಯಿಂದ ಮೂತ್ರದ ಸ್ಯಾಂಪಲ್ ನಮ್ಮಲ್ಲಿಗೆ ಬರುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಮೂತ್ರವನ್ನು ಎರಡು ಗಂಟೆಯೊಳಗೆ ಕಲ್ಚರ್‌ಗೆ ಹಾಕಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು ಅನ್ನೋದು ಎಲ್ಲ ಲ್ಯಾಬ್‌ಗೂ ಗೊತ್ತಿರುವ ನಿಯಮ. ಹೊರಗೇ ಬಿಟ್ಟರೆ ಡಬ್ಬಿಯಲ್ಲಿದ್ದ ನಾಲ್ಕು ಬ್ಯಾಕ್ಟೀರಿಯಾ ನಾಲ್ಕು ಸಾವಿರ ಆಗುತ್ತವೆ. ನಮ್ಮ ಬಿಸಿಲಲ್ಲಿ ಇದರಿಂದ ವರದಿ ಎಷ್ಟು ಕೆಡುತ್ತದೆ ಅಂತ ನೋಡಬೇಕಿತ್ತು. (ಅಧ್ಯಯನ ಇನ್ನೂ ಪ್ರಕಟವಾಗಿಲ್ಲ. ಹಾಗಾಗಿ ಇಲ್ಲಿ ಅಂಕಿಗಳನ್ನು ಬದಲಿಸಿದ್ದೇನೆ. ಇವನ್ನು ಯಾರೂ ಉಲ್ಲೇಖಿಸಬೇಡಿ, ಲೆಕ್ಕದ ದಾರಿಯನ್ನಷ್ಟೇ ನೋಡಿ.)

ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಕೆಂಪು ಪೆನ್ನು ಹಿಡಿದು ಪದ ಹೊಡೆಯುತ್ತಾ ಹೋದೆ. ಶುರುವಿನಲ್ಲೇ ಮೂತ್ರದ ಸೋಂಕು ಜಗತ್ತಿನಾದ್ಯಂತ ಎಷ್ಟು ಸಾಮಾನ್ಯ, ಹೆಂಗಸರಲ್ಲಿ ಯಾಕೆ ಜಾಸ್ತಿ, ಆ್ಯಂಟಿಬಯಾಟಿಕ್ ಪ್ರತಿರೋಧ ಎಷ್ಟು ದೊಡ್ಡ ಪಿಡುಗು ಅಂತ 110 ಪದ ಇತ್ತು. ಸಮ್ಮೇಳನಕ್ಕೆ ಬರೋರೆಲ್ಲ ಮೈಕ್ರೋಬಯಾಲಜಿಯವರೇ, ಅವರಿಗೆ ಇದನ್ನು ಹೇಳಬೇಕಾ? ಹೊಡೆದೆ. "ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ" ಅನ್ನುವಂಥವು ನಾಲ್ಕೈದು ಇದ್ದವು, ಅವೂ ಹೋದವು. ಮಾಧ್ಯಮ ತಯಾರಿಸಿದ ರೀತಿ, ಆಟೋಕ್ಲೇವ್ ಮಾಡಿದ ಒತ್ತಡ, ಕಂಪನಿಯ ಹೆಸರು ಕೂಡ ಹೋದವು. 258ಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದೆ ಯಾವ ಪದ ಮುಟ್ಟಿದರೂ ವಾಕ್ಯವೇ ಕುಂಟುತ್ತಿತ್ತು.

ಪೆನ್ನು ಕೆಳಗಿಟ್ಟು ಹಾಳೆಯನ್ನು ಮಗುಚಿ ಹಾಕಿದೆ. "ನೋಡಮ್ಮ, ಇದನ್ನ ನೋಡದೆ ಹೇಳು. ಏನು ಮಾಡಿದಿರಿ? ಒಂದೇ ವಾಕ್ಯದಲ್ಲಿ."

"ಮೂರು ಗುಂಪು ಮಾಡಿದ್ವಿ ಮೇಡಂ. ತಕ್ಷಣ ಹಾಕಿದ್ದು, ಆರು ಗಂಟೆ ಹೊರಗಿಟ್ಟಿದ್ದು, ಆರು ಗಂಟೆ ಫ್ರಿಜ್‌ನಲ್ಲಿಟ್ಟಿದ್ದು."

"ಒಂದೊಂದು ಗುಂಪಿನಲ್ಲಿ ಎಷ್ಟು?"

"ಅರವತ್ತು."

"ಹಾಗಾದ್ರೆ ನೂರಾ ಎಂಬತ್ತು ಸ್ಯಾಂಪಲ್ಲಾ?"

ಅವಳು ಉತ್ತರ ಹೇಳುವ ಮೊದಲೇ ಪ್ಲೇಟ್ ಜೋಡಿಸುತ್ತಿದ್ದ ನಮ್ಮ ಟೆಕ್ನಿಷಿಯನ್ ಅಣ್ಣ ತಿರುಗಿ ನೋಡಿದರು. "ಇಲ್ಲ ಮೇಡಂ, ಅರವತ್ತೇ. ಒಂದೇ ಡಬ್ಬಿದನ್ನ ಮೂರು ಬಾಟ್ಲಿಗೆ ಹಾಕಿದ್ದು. ನಾನೇ ಅಲ್ವಾ ಹಾಕಿದ್ದು?"

412 ಪದದಲ್ಲಿ ಎಲ್ಲೂ ಈ ಮಾತು ನೇರವಾಗಿ ಇರಲಿಲ್ಲ. "ಸ್ಯಾಂಪಲ್‌ಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು" ಅಂತಿತ್ತು. ಓದಿದವರಿಗೆ ಮೂರು ಬೇರೆ ಬೇರೆ ರೋಗಿಗಳ ಗುಂಪು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಲೆಕ್ಕ ಹಾಕಿಕೊಟ್ಟವರಿಗೂ ಹಾಗೇ ಅನಿಸಿತ್ತು ಅಂತ ಆಮೇಲೆ ಗೊತ್ತಾಯ್ತು.

ಯಾಕಂದರೆ ಫಲಿತಾಂಶದಲ್ಲಿ ಹೀಗಿತ್ತು: ತಕ್ಷಣ ಹಾಕಿದವುಗಳಲ್ಲಿ 60ಕ್ಕೆ 18 ಪಾಸಿಟಿವ್, ಹೊರಗಿಟ್ಟವುಗಳಲ್ಲಿ 60ಕ್ಕೆ 27 ಪಾಸಿಟಿವ್, ಕೈ-ಸ್ಕ್ವೇರ್ ಪರೀಕ್ಷೆಯಲ್ಲಿ `p=0.09`. ಅದಕ್ಕೆ ಅವಳು "ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮಹತ್ವದ್ದಲ್ಲದಿದ್ದರೂ ಹೆಚ್ಚಳದ ಒಲವು ಕಂಡುಬಂದಿದೆ" ಅಂತ ಎಳೆದೆಳೆದು ಎರಡು ವಾಕ್ಯ ಬರೆದಿದ್ದಳು. ಸಮಜಾಯಿಷಿ ಕೊಡೋಕೆ ಹೋದಾಗಲೇ ವಾಕ್ಯ ಉದ್ದ ಆಗೋದು.

ಕೈ-ಸ್ಕ್ವೇರ್ ಬೇರೆ ಬೇರೆ ಜನರ ಗುಂಪುಗಳಿಗೆ ಸರಿ. ಇಲ್ಲಿ ಒಂದೇ ಡಬ್ಬಿಯ ಮೂತ್ರ ಎರಡು ಕಡೆ ಕೂತಿದೆ. ಅಂದರೆ ಜೋಡಿ ಲೆಕ್ಕ. ಆಗ ಒಟ್ಟು ಎಷ್ಟು ಪಾಸಿಟಿವ್ ಅನ್ನೋದು ಪ್ರಶ್ನೆಯಲ್ಲ, ಎಷ್ಟು ಸ್ಯಾಂಪಲ್ ಪಕ್ಷ ಬದಲಿಸಿದವು ಅನ್ನೋದು ಪ್ರಶ್ನೆ. ರಿಜಿಸ್ಟರ್ ತೆಗೆದು ಒಂದೊಂದೇ ಸಾಲು ನೋಡಿದೆವು. ಮೊದಲು ನೆಗೆಟಿವ್ ಇದ್ದ 42ರಲ್ಲಿ 9 ಸ್ಯಾಂಪಲ್ ಹೊರಗಿಟ್ಟ ಮೇಲೆ ಪಾಸಿಟಿವ್ ಆಗಿದ್ದವು. ಪಾಸಿಟಿವ್ ಇದ್ದ 18ರಲ್ಲಿ ಒಂದೂ ನೆಗೆಟಿವ್ ಆಗಿರಲಿಲ್ಲ. ಪಕ್ಷ ಬದಲಿಸಿದ್ದು 9, ಒಂಬತ್ತೂ ಒಂದೇ ದಿಕ್ಕಿಗೆ. ಇದು ಬರೀ ಆಕಸ್ಮಿಕವಾಗಿದ್ದರೆ ನಾಣ್ಯವನ್ನು ಒಂಬತ್ತು ಸಲ ಚಿಮ್ಮಿ ಒಂಬತ್ತೂ ಸಲ ಒಂದೇ ಮುಖ ಬಿದ್ದ ಹಾಗೆ. ಮೆಕ್‌ನೆಮರ್ ಪರೀಕ್ಷೆಯ ನಿಖರ ರೂಪ ಮಾಡೋದು ಇದೇ ಲೆಕ್ಕ:

```
2 × (1/2)^9 = 2/512 = 0.0039
```

ಅಂದರೆ `p=0.004`. ಒಲವೂ ಇಲ್ಲ, ಸಮಜಾಯಿಷಿಯೂ ಬೇಡ. ಹುಡುಗಿ ರಿಜಿಸ್ಟರ್ ನೋಡಿ, ನನ್ನ ಮುಖ ನೋಡಿ, ಮತ್ತೆ ರಿಜಿಸ್ಟರ್ ನೋಡಿದಳು. ಫಲಿತಾಂಶ ನಮಗೆ ಬೇಕಾದಂತೆ ಬರಲಿ ಅಂತ ಪರೀಕ್ಷೆ ಬದಲಿಸುವುದು ತಪ್ಪು. ಅದಕ್ಕೇ ನಾನು ಅವಳನ್ನು ಲೆಕ್ಕದವರ ಹತ್ತಿರ ಕಳಿಸಿದೆ. ಪ್ರಯೋಗ ಮಾಡಿದ ರೀತಿಯನ್ನು ಮಾತ್ರ ಹೇಳು, ಯಾವ ಪರೀಕ್ಷೆ ಅಂತ ಅವರೇ ಹೇಳಲಿ ಅಂದೆ. ಅವರೂ ಮೆಕ್‌ನೆಮರ್ ಅಂದರು. ಅಬ್‌ಸ್ಟ್ರಾಕ್ಟ್ ಒಂದನ್ನೇ ತಿದ್ದಿದರೆ ಸಾಲದು ಅಲ್ವಾ, ಥೀಸಿಸ್‌ನ ಅಧ್ಯಾಯದಲ್ಲೂ ಅದೇ ದಿನ ಬದಲಿಸಿದೆವು.

ಇಷ್ಟಾದ ಮೇಲೆ ಪದ ಕಡಿಮೆ ಮಾಡೋದು ಸುಲಭವಾಯ್ತು. ನಾನು ಬಜೆಟ್ ಹಾಕಿಕೊಂಡೆ: ಹಿನ್ನೆಲೆಗೆ 25 ಪದ, ಉದ್ದೇಶಕ್ಕೆ 20, ವಿಧಾನಕ್ಕೆ 60, ಫಲಿತಾಂಶಕ್ಕೆ 65, ತೀರ್ಮಾನಕ್ಕೆ 25. ಇಂಥ ಶೀರ್ಷಿಕೆಯ ಸಾರಾಂಶ 1987ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಲಹೆಯಿಂದ ಬಳಕೆಗೆ ಬಂತು. ಯಾವ ಖಾನೆ ಖಾಲಿ ಇದೆ ಅಂತ ಓದೋರಿಗೆ ಮೊದಲ ನೋಟಕ್ಕೇ ಕಾಣುತ್ತದೆ. ಬರೆಯುವುದು ಮಾತ್ರ ಮೇಲಿನಿಂದ ಕೆಳಗೆ ಅಲ್ಲ. ಮೊದಲು ಫಲಿತಾಂಶ, ಆಮೇಲೆ ಆ ಫಲಿತಾಂಶ ಅರ್ಥವಾಗಲು ಬೇಕಾದಷ್ಟೇ ವಿಧಾನ, ಹಿನ್ನೆಲೆ ಕೊನೆಗೆ. ಹಿನ್ನೆಲೆಯಿಂದ ಶುರು ಮಾಡಿದರೆ ಮತ್ತೆ ಜಗತ್ತಿನಾದ್ಯಂತ ಹೊರಟುಬಿಡುತ್ತಾರೆ.

ಎರಡು ಕಡೆ ಮಾತ್ರ ಪದ ತೆಗೆಯುವ ಬದಲು ಸೇರಿಸಿದೆ. ಅವಳು "ಕೊಠಡಿಯ ಉಷ್ಣತೆಯಲ್ಲಿ" ಅಂತ ಬರೆದಿದ್ದಳು. ಇದನ್ನು ಮಡಿಕೇರಿಯಲ್ಲಿ ಓದುವವರು 22 ಡಿಗ್ರಿ ಅಂದುಕೊಳ್ಳುತ್ತಾರೆ. ನಾವು ಮಾಡಿದ್ದು ಬಳ್ಳಾರಿಯ ಏಪ್ರಿಲ್‌ನಲ್ಲಿ. ಟೆಕ್ನಿಷಿಯನ್ ಅಣ್ಣ ಗೋಡೆಯ ಥರ್ಮಾಮೀಟರ್ ನೋಡಿ ದಿನಾ ಬರೆದಿಟ್ಟ ಪುಸ್ತಕದಲ್ಲಿ 31ರಿಂದ 36 ಇತ್ತು. ಆ ಅಂಕಿ ಇಲ್ಲದಿದ್ದರೆ ಅಧ್ಯಯನದ ಅರ್ಧ ಅರ್ಥವೇ ಹೋಗುತ್ತದೆ. ಇನ್ನೊಂದು, ಪಾಸಿಟಿವ್ ಅಂದರೆ ಏನು ಅನ್ನೋದು. ನಾವು 0.001 ಮಿ.ಲೀ. ಹಿಡಿಯುವ ಲೂಪ್ ಬಳಸುತ್ತೇವೆ. ಪ್ಲೇಟ್ ಮೇಲೆ ನೂರು ಕಾಲನಿ ಬಂದರೆ ಮಿ.ಲೀ.ಗೆ ಒಂದು ಲಕ್ಷ. ಆ ಗೆರೆ ಎಲ್ಲಿ ಎಳೆದೆವು ಅಂತ ಹೇಳದೆ 9 ಸ್ಯಾಂಪಲ್ ಬದಲಾದವು ಅಂದರೆ ಯಾರಿಗೂ ತಿಳಿಯೋದಿಲ್ಲ. ಲೂಪ್ ವಿಷಯ ಬಿಟ್ಟೆವು, ಒಂದು ಲಕ್ಷ ಉಳಿಸಿಕೊಂಡೆವು.

ಇನ್ನು 64 ಮತ್ತು 60ರ ಗೊಂದಲ. ವಿಧಾನದಲ್ಲಿ 64, ಫಲಿತಾಂಶದಲ್ಲಿ 60. ನಾಲ್ಕು ಡಬ್ಬಿ ಸೋರಿಹೋಗಿದ್ದವು, ಅದನ್ನು ಹೇಳೋಕೆ ಅವಳಿಗೆ ಮುಜುಗರ. ನಾಲ್ಕೇ ಪದದಲ್ಲಿ ಮುಗಿಯುವ ಮಾತು. ಹೇಳದಿದ್ದರೆ ಪೋಸ್ಟರ್ ಮುಂದೆ ನಿಂತಾಗ ಮೊದಲ ಪ್ರಶ್ನೆ ಅದೇ ಬರುತ್ತದೆ.

ಕಳಿಸಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಪದಗಳು ಕಡಿಮೆ ಹಿಡಿಯುತ್ತವೆ, ಆದರೂ ರೂಪ ಇದೇ:

ಹಿನ್ನೆಲೆ: ದೂರದ ಊರುಗಳಿಂದ ಬರುವ ಮೂತ್ರದ ಸ್ಯಾಂಪಲ್‌ಗಳು ಲ್ಯಾಬ್ ಸೇರುವ ಮೊದಲು ಹಲವು ಗಂಟೆ ಬಿಸಿಯಲ್ಲಿ ಉಳಿಯುತ್ತವೆ.

ಉದ್ದೇಶ: ಆರು ಗಂಟೆ ಹೊರಗೆ ಅಥವಾ ಫ್ರಿಜ್‌ನಲ್ಲಿ ಇಟ್ಟರೆ ಕಲ್ಚರ್ ವರದಿ ಬದಲಾಗುತ್ತದೆಯೇ ಎಂದು ನೋಡುವುದು.

ವಿಧಾನ: 64 ಸ್ಯಾಂಪಲ್ ಸಂಗ್ರಹಿಸಿ, ಸೋರಿದ 4 ಬಿಟ್ಟು, 60 ಪರೀಕ್ಷಿಸಿದೆವು. ಪ್ರತಿಯೊಂದನ್ನೂ ಮೂರು ಭಾಗ ಮಾಡಿ, ಒಂದನ್ನು 30 ನಿಮಿಷದೊಳಗೆ, ಒಂದನ್ನು 31–36 ಡಿಗ್ರಿಯಲ್ಲಿ 6 ಗಂಟೆ ಇಟ್ಟ ಮೇಲೆ, ಇನ್ನೊಂದನ್ನು 4 ಡಿಗ್ರಿಯಲ್ಲಿ 6 ಗಂಟೆ ಇಟ್ಟ ಮೇಲೆ ಸಿಎಲ್‌ಇಡಿ ಅಗಾರ್‌ಗೆ ಹಾಕಿದೆವು. ಮಿ.ಲೀ.ಗೆ ಒಂದು ಲಕ್ಷ ಕಾಲನಿ ಅಥವಾ ಹೆಚ್ಚು ಇದ್ದರೆ ಪಾಸಿಟಿವ್ ಎಂದು ಪರಿಗಣಿಸಿದೆವು. ಹೋಲಿಕೆಗೆ ಮೆಕ್‌ನೆಮರ್ ಪರೀಕ್ಷೆ.

ಫಲಿತಾಂಶ: ತಕ್ಷಣದ ಕಲ್ಚರ್‌ನಲ್ಲಿ 18 ಪಾಸಿಟಿವ್, 42 ನೆಗೆಟಿವ್. ಹೊರಗಿಟ್ಟಾಗ 42ರಲ್ಲಿ 9 (21%, 95% ವಿಶ್ವಾಸ ವ್ಯಾಪ್ತಿ 12–36%) ಪಾಸಿಟಿವ್ ಆದವು, ಪಾಸಿಟಿವ್ ಇದ್ದದ್ದು ಒಂದೂ ನೆಗೆಟಿವ್ ಆಗಲಿಲ್ಲ (`p=0.004`). ಫ್ರಿಜ್‌ನಲ್ಲಿಟ್ಟ 60ರಲ್ಲಿ ಒಂದೂ ಬದಲಾಗಲಿಲ್ಲ.

ತೀರ್ಮಾನ: ಈ ಉಷ್ಣತೆಯಲ್ಲಿ ಆರು ಗಂಟೆ ಹೊರಗಿಟ್ಟರೆ ಸುಮಾರು ಐದು ನೆಗೆಟಿವ್ ಸ್ಯಾಂಪಲ್‌ಗಳಲ್ಲಿ ಒಂದು ತಪ್ಪಾಗಿ ಪಾಸಿಟಿವ್ ಬಂತು. ತಡವಾಗುವುದಾದರೆ ತಂಪಿನಲ್ಲಿ ಸಾಗಿಸಬೇಕು.

ತೀರ್ಮಾನಕ್ಕೇ ಜಾಸ್ತಿ ಜಗಳ ಆಗಿದ್ದು. ಮೂಲದಲ್ಲಿ "ಇದರಿಂದ ಸಮಾಜದಲ್ಲಿ ಆ್ಯಂಟಿಬಯಾಟಿಕ್ ಪ್ರತಿರೋಧ ತಡೆಯಬಹುದು" ಅಂತಿತ್ತು. "ಯಾವ ರೋಗಿಗೆ ಯಾವ ಔಷಧಿ ಕೊಟ್ಟರು ಅಂತ ನೋಡಿದ್ಯಾ?" ಅಂದೆ. ಇಲ್ಲ. ಹಾಗಾದರೆ ಅದು ನಮ್ಮ ಮಾತಲ್ಲ. "ಕಲ್ಯಾಣ ಕರ್ನಾಟಕದಲ್ಲಿ ಇದೇ ಮೊದಲು" ಅಂತ ಇನ್ನೊಂದು ವಾಕ್ಯ. ರಾಯಚೂರಿನವರು, ಕಲಬುರಗಿಯವರು ಮಾಡಿಲ್ಲ ಅಂತ ಯಾರು ಹುಡುಕಿ ನೋಡಿದ್ದು? ಅದೂ ಹೋಯ್ತು. ಅವಳು ಕೊನೆಗೆ "ಫ್ರಿಜ್‌ನಲ್ಲಿಟ್ಟರೆ ವರದಿ ಬದಲಾಗುವುದೇ ಇಲ್ಲ" ಅಂತ ಸೇರಿಸೋಕೆ ನೋಡಿದಳು. 60ರಲ್ಲಿ ಸೊನ್ನೆ ಅಂದರೆ ಎಲ್ಲ ಕಡೆಯೂ ಸೊನ್ನೆ ಅಂತಲ್ಲ. ಸ್ಥೂಲ ಲೆಕ್ಕದಲ್ಲಿ ಮೂರನ್ನು 60ರಿಂದ ಭಾಗಿಸಿದರೆ ಶೇ. 5. ನಿಜವಾದ ಪ್ರಮಾಣ ಅಲ್ಲಿಯವರೆಗೂ ಇರಬಹುದು. ಆಗಲಿಲ್ಲ ಅನ್ನೋಣ, ಆಗೋದಿಲ್ಲ ಅನ್ನೋದು ಬೇಡ ಅಂದೆ.

ಪೋರ್ಟಲ್‌ಗೆ ಹಾಕಿದಾಗ 204 ತೋರಿಸಿತು, ನಮ್ಮ ಕಂಪ್ಯೂಟರ್‌ನಲ್ಲಿ 196. ಖಾಲಿ ಜಾಗ ಕಂಡಲ್ಲೆಲ್ಲ ಆ ಯಂತ್ರ ಹೊಸ ಪದ ಅಂತ ಎಣಿಸುತ್ತದೆ. ಅಂಟಿಸುವಾಗ `p = 0.004` ಆಗಿದ್ದು ಮೂರು ಪದ, `p=0.004` ಒಂದು. ಅಂಟಿಸುವಾಗ ಬಿರುಕುಬಿಟ್ಟ ಅಂಥ ನಾಲ್ಕು ಕಡೆ ಸರಿಮಾಡಿದ ಮೇಲೆ ಅಲ್ಲೂ 196 ಆಯ್ತು. ನಿಜವಾದ ಪದಗಳನ್ನೇ ಒಂದಕ್ಕೊಂದು ಅಂಟಿಸಿ ಎಣಿಕೆ ಇಳಿಸುವವರೂ ಇದ್ದಾರೆ. ಅದು ಮಾಡಬೇಡಿ, ಓದುವವರಿಗೆ ತಕ್ಷಣ ಕಾಣುತ್ತದೆ.

ಕಳಿಸುವ ಗುಂಡಿ ಒತ್ತುವ ಮೊದಲು ಒಂದು ನೋಡಿದೆ. ಲೇಖಕರ ಹೆಸರುಗಳು ಪದದ ಮಿತಿಗೆ ಸೇರುವುದಿಲ್ಲ. ಒಂದೇ ಡಬ್ಬಿಯನ್ನು ಮೂರು ಭಾಗ ಮಾಡಿದ್ದು, ದಿನಾ ಉಷ್ಣತೆ ಬರೆದಿಟ್ಟಿದ್ದು, ತಪ್ಪು ಎಲ್ಲಿದೆ ಅಂತ ತೋರಿಸಿದ್ದು ಟೆಕ್ನಿಷಿಯನ್ ಅಣ್ಣ. ಕರಡು ಪೂರ್ತಿ ಓದಿಸಿ, ಒಪ್ಪಿಗೆ ಕೇಳಿ, ಅವರ ಹೆಸರು ಸೇರಿಸಿದೆವು. ಓದುವಾಗ ಅವರು ಒಂದು ಕಡೆ ಬೆರಳಿಟ್ಟರು. "ಮೇಡಂ, 30 ನಿಮಿಷ ಅಲ್ಲ, ಎರಡು ದಿನ ಕರೆಂಟ್ ಹೋಗಿ 40 ಆಗಿತ್ತು." ರಿಜಿಸ್ಟರ್ ನೋಡಿದೆವು, ಹೌದು. 30 ಅಂತ ಇದ್ದದ್ದನ್ನು 40 ಅಂತ ತಿದ್ದಿ, ಹನ್ನೊಂದೂ ಮುಕ್ಕಾಲಿಗೆ ಕಳಿಸಿದೆವು.